ನಾಲ್ವರ ಪಾರ್ಸಲ್, ಮೂವರ ದುಡ್ಡು

ಶನಿವಾರ ಸಂಜೆ ಆರೂವರೆ ಹೊತ್ತಿಗೆ ವಿದ್ಯಾನಗರದ ಹೋಟೆಲ್ ಮಾಲೀಕರೊಬ್ಬರು ಫೋನ್ ಮಾಡಿದರು. ಅವರಿಗೆ ಆರ್ಡರ್ ತೆಗೆದುಕೊಳ್ಳುವ ತಂತ್ರಾಂಶ ಬರೆದುಕೊಟ್ಟವನು ನಾನೇ. "ನಾಲ್ಕು ಪಾರ್ಸಲ್ ಕಟ್ಟಿಟ್ಟೀನ್ರಿ ಸರ್, ದುಡ್ಡು ಮೂರು ಜನರದ್ದಷ್ಟೇ ಬಂದೈತಿ. ಬೆಣ್ಣೆ ದೋಸೆ ಆರಿ ಹೋಗಾಕತ್ತಾವ. ಕಳಿಸ್ಲೋ, ಇಟ್ಕೊಳ್ಲೋ?"

ಹಿಂದಿನ ವಾರವಷ್ಟೇ ಅವರ ಆ್ಯಪ್‌ಗೆ ಗುಂಪು ಆರ್ಡರ್ ಸೌಲಭ್ಯ ಸೇರಿಸಿದ್ದೆ. ಒಬ್ಬರು ಕಾರ್ಟ್ ಶುರು ಮಾಡಿ ಲಿಂಕ್ ಕಳಿಸುತ್ತಾರೆ, ಉಳಿದವರು ಅದೇ ಕಾರ್ಟ್‌ಗೆ ತಮಗೆ ಬೇಕಾದದ್ದು ಹಾಕುತ್ತಾರೆ, ಅವರವರ ಪಾಲನ್ನು ಅವರವರೇ ಯುಪಿಐನಲ್ಲಿ ಕಟ್ಟುತ್ತಾರೆ. ಕೇಳುವುದಕ್ಕೆ ಸರಳ. ನಾಲ್ವರೂ ಕಟ್ಟಿದರೆ ಏನೂ ತೊಂದರೆಯಿಲ್ಲ. ಒಬ್ಬರು ಕಟ್ಟದೇ ಹೋದಾಗ ಏನಾಗಬೇಕು ಎನ್ನುವುದನ್ನು ನಾನು ಸರಿಯಾಗಿ ಯೋಚಿಸಿರಲಿಲ್ಲ.

ಆವತ್ತಿನ ಲೆಕ್ಕ ಹೀಗಿತ್ತು. ಪಿ.ಜೆ. ಬಡಾವಣೆಯ ಒಂದು ಆಫೀಸಿನ ನಾಲ್ಕು ಜನ. ಕಾರ್ಟ್ ಶುರು ಮಾಡಿದ ಅಕೌಂಟ್ಸ್ ಮೇಡಂ ಅವರದ್ದು 180 ರೂಪಾಯಿ, ಕ್ಯಾಷಿಯರ್‌ದು 120, ಹೊಸದಾಗಿ ಸೇರಿದ ಹುಡುಗಿಯದು 90, ಮ್ಯಾನೇಜರ್‌ದು 210. ಒಟ್ಟು 600. ದರದಲ್ಲೇ ತೆರಿಗೆ ಸೇರಿದೆ. 500 ರೂಪಾಯಿ ದಾಟಿದರೆ ಹತ್ತು ಪರ್ಸೆಂಟ್ ರಿಯಾಯಿತಿ, ಅಂದರೆ 60 ಕಡಿಮೆ. ಮನೆಬಾಗಿಲಿಗೆ ತಲುಪಿಸುವ ಖರ್ಚು 40. ಕಟ್ಟಬೇಕಾದದ್ದು 580.

ರಿಯಾಯಿತಿಯನ್ನು ಅವರವರ ತಿಂಡಿಯ ಮೊತ್ತಕ್ಕೆ ತಕ್ಕಂತೆ ಹಂಚಿದ್ದೆ, ಡೆಲಿವರಿ ಖರ್ಚನ್ನು ತಲೆಗೆ ಹತ್ತರಂತೆ. ಹಾಗಾಗಿ ಮೇಡಂ 172, ಕ್ಯಾಷಿಯರ್ 118, ಹುಡುಗಿ 91, ಮ್ಯಾನೇಜರ್ 199. ಈ ಹಂಚಿಕೆ ಸರಿ ಎಂದೇ ಈಗಲೂ ನನ್ನ ಅಭಿಪ್ರಾಯ. ಹೆಚ್ಚು ತರಿಸಿದವರಿಂದಲೇ ರಿಯಾಯಿತಿ ಹೆಚ್ಚು ಸಿಕ್ಕಿದ್ದು, ಅದು ಅವರಿಗೇ ಹೋಗಬೇಕು. ಡೆಲಿವರಿ ಹುಡುಗ ಬೈಕ್ ಓಡಿಸುವ ದೂರ ಮಾತ್ರ ಒಬ್ಬರು ಬರೀ ನರ್ಗಿಸ್ ಮಂಡಕ್ಕಿ ತರಿಸಿದರೂ ಅಷ್ಟೇ, ನಾಲ್ಕು ದೋಸೆ ತರಿಸಿದರೂ ಅಷ್ಟೇ.

ಮೂವರು ಕಟ್ಟಿದರು. ಮ್ಯಾನೇಜರ್‌ಗೆ ಯಾವುದೋ ಫೋನ್ ಬಂತು, ಎದ್ದು ಹೊರಗೆ ಹೋದರು. ಹತ್ತು ನಿಮಿಷದ ಗಡುವು ಮುಗಿಯಿತು. ನನ್ನ ತಂತ್ರಾಂಶ ಅವರನ್ನು ಕಾರ್ಟ್‌ನಿಂದ ತೆಗೆದುಹಾಕಿ ಮತ್ತೆ ಲೆಕ್ಕ ಮಾಡಿತು. ತಪ್ಪಾದದ್ದು ಇಲ್ಲೇ.

210 ಹೋದರೆ ಕಾರ್ಟ್‌ನಲ್ಲಿ ಉಳಿಯುವುದು 390. ಅದು 500 ದಾಟುವುದಿಲ್ಲ, ರಿಯಾಯಿತಿಯೇ ಇಲ್ಲ. ಡೆಲಿವರಿಯ 40 ಈಗ ಮೂವರ ಮೇಲೆ. ಬರಬೇಕಾದದ್ದು 430, ಬಂದಿರುವುದು 381. 49 ರೂಪಾಯಿ ಕಡಿಮೆ. ಆಗಲೇ ತಮ್ಮ ಪಾಲು ಪೂರ್ತಿ ಕಟ್ಟಿ ಸುಮ್ಮನೆ ಕೂತಿದ್ದ ಮೂವರ ಮೊಬೈಲಿಗೂ "ಬಾಕಿ ಇದೆ" ಎಂಬ ಸಂದೇಶ ಹೋಯಿತು. ಮೇಡಂಗೆ 21 ರೂಪಾಯಿ 33 ಪೈಸೆ, ಕ್ಯಾಷಿಯರ್‌ಗೆ 15.33, ಹುಡುಗಿಗೆ 12.33. ಇವನ್ನು ಕೂಡಿದರೆ 48.99, ಒಂದು ಪೈಸೆ ಎಲ್ಲೂ ಇಲ್ಲ. ಮೂವರೂ ಪೂರ್ತಿ ಕಟ್ಟಿದ್ದರೂ ಆ ಒಂದು ಪೈಸೆಗಾಗಿ ಆರ್ಡರ್ "ಬಾಕಿ" ಅಂತಲೇ ಉಳಿಯುತ್ತಿತ್ತು! ಅತ್ತ ಅಡುಗೆಮನೆಗೆ ಮೊದಲ ದುಡ್ಡು ಬಂದ ಕೂಡಲೇ ಟೋಕನ್ ಹೋಗಿತ್ತು. ನಾಲ್ಕು ಪೊಟ್ಟಣ ಸಿದ್ಧ, ಮೇಲೆ ಪೆನ್ನಿನಲ್ಲಿ ಹೆಸರು, ಒಳಗೆ ಬೆಣ್ಣೆ ಹೆಪ್ಪುಗಟ್ಟುತ್ತಿದೆ.

ಆ ರಾತ್ರಿ ಕೂತು ಎಲ್ಲ ಬಿಚ್ಚಿ ಹೊಸದಾಗಿ ಬರೆದೆ. ಮೊದಲ ರೂಪಾಯಿ ಬಂದ ಮೇಲೆ ಯಾರ ಪಾಲೂ ಬದಲಾಗಕೂಡದು, ಇದೊಂದನ್ನು ಹಿಡಿದುಕೊಂಡೆ. ಈಗ ಎಲ್ಲರೂ ಹಾಕಿ ಮುಗಿಸಿದ ಮೇಲೆ ಶುರು ಮಾಡಿದವರು "ಕಾರ್ಟ್ ಮುಚ್ಚಿ" ಎಂದು ಒತ್ತಬೇಕು. ಆಮೇಲೆ ಯಾರೂ ಸೇರಿಸುವಂತಿಲ್ಲ, ತೆಗೆಯುವಂತಿಲ್ಲ. ಆಗಷ್ಟೇ ಪಾಲುಗಳ ಲೆಕ್ಕ ಆಗುತ್ತದೆ, ಅದೂ ಪೈಸೆಯಲ್ಲಿ, ಪೂರ್ಣಾಂಕದಲ್ಲೇ. ಡೆಲಿವರಿಯ 4000 ಪೈಸೆಯನ್ನು ಮೂವರಿಗೆ ಹಂಚಿದರೆ ತಲಾ 1333, ಉಳಿದ ಒಂದು ಪೈಸೆ ಕಾರ್ಟ್ ಶುರು ಮಾಡಿದವರ ಪಾಲಿಗೆ. ಪಾಲುಗಳನ್ನು ಕೂಡಿದರೆ ಬಿಲ್ಲಿನ ಮೊತ್ತ ಪೈಸೆ ಸಮೇತ ಬರಲೇಬೇಕು, ಬಾರದಿದ್ದರೆ ದುಡ್ಡು ಕೇಳುವ ಪರದೆ ತೆರೆಯುವುದೇ ಇಲ್ಲ.

ಗಡುವಿನೊಳಗೆ ಒಬ್ಬರು ಕಟ್ಟದಿದ್ದರೆ ಶುರು ಮಾಡಿದವರ ಮುಂದೆ ಎರಡೇ ದಾರಿ. ಆ 199 ತಾವೇ ಕಟ್ಟಿ ಆಮೇಲೆ ಮ್ಯಾನೇಜರ್ ಹತ್ತಿರ ಇಸಿದುಕೊಳ್ಳುವುದು, ಇಲ್ಲವೇ ಇಡೀ ಆರ್ಡರ್ ರದ್ದು ಮಾಡುವುದು. ರದ್ದಾದರೆ ಮೂವರ ದುಡ್ಡೂ ಬಂದ ದಾರಿಯಲ್ಲೇ ವಾಪಸ್. ಕಾರ್ಟ್ ಶುರು ಮಾಡುವಾಗಲೇ ಈ ಷರತ್ತನ್ನು ಕನ್ನಡದಲ್ಲಿ ಒಂದು ಸಾಲಿನಲ್ಲಿ ತೋರಿಸಿ ಒಪ್ಪಿಗೆ ತೆಗೆದುಕೊಳ್ಳುತ್ತೇವೆ. ಟೋಕನ್ ಹೋಗುವುದು ಕೊನೆಯ ಪಾಲು ಬಂದ ಮೇಲೆ ಮಾತ್ರ. ಕಟ್ಟದವರ ತಿಂಡಿಯನ್ನಷ್ಟೇ ತೆಗೆದು ಉಳಿದದ್ದು ಕಳಿಸಬಾರದೇ ಎಂದು ಮಾಲೀಕರು ಕೇಳಿದರು. ರಿಯಾಯಿತಿಯ 500ರ ಗೆರೆ ಇರುವವರೆಗೆ ಅದು ಸಾಧ್ಯವಿಲ್ಲ, ಆ 49 ರೂಪಾಯಿ ನಿಮ್ಮ ಗಲ್ಲಾಪೆಟ್ಟಿಗೆಯಿಂದ ಹೋಗುತ್ತದೆ ಎಂದೆ. ಒಪ್ಪಿದರು.

ಇಷ್ಟಾದ ಮೇಲೂ ಇನ್ನೊಂದು ಕಡೆ ಎಡವಿದೆವು. ಒಬ್ಬರು ಒಂಬತ್ತನೇ ನಿಮಿಷದಲ್ಲಿ ಪಿನ್ ಒತ್ತಿದ್ದಾರೆ. ಅವರ ಖಾತೆಯಿಂದ ದುಡ್ಡು ಹೋಗಿದೆ, ನಮಗಿನ್ನೂ ಸುದ್ದಿ ಬಂದಿಲ್ಲ. ಗಡುವು ಮುಗಿದದ್ದೇ ಶುರು ಮಾಡಿದವರು ಅವರ ಪಾಲನ್ನೂ ಕಟ್ಟಿಬಿಟ್ಟರು. ಎರಡು ನಿಮಿಷ ಬಿಟ್ಟು ಮೊದಲಿನದೂ ಜಮೆ ಆಯಿತು. ಒಂದೇ ಪಾಲಿಗೆ ಎರಡು ಸಲ ದುಡ್ಡು, ಅದೂ ಬೇರೆ ಬೇರೆಯವರದ್ದು. ಒಟ್ಟು ಮೊತ್ತ ಮಾತ್ರ ನೋಡುವ ತಂತ್ರಾಂಶಕ್ಕೆ ಇದು ಗೊತ್ತಾಗುವುದೇ ಇಲ್ಲ. ತಿಂಗಳ ಕೊನೆಗೆ ಬ್ಯಾಂಕಿನ ಜಮೆ ಬಿಲ್ಲುಗಳಿಗಿಂತ ಹೆಚ್ಚು ಬಂದಾಗಲೇ ಕಣ್ಣಿಗೆ ಬೀಳುವುದು. ಅದಕ್ಕೇ ಪ್ರತಿ ಪಾಲಿಗೂ ಅದರದೇ ಸ್ಥಿತಿ ಇಟ್ಟೆ: ಕಟ್ಟಿಲ್ಲ, ನಡೆಯುತ್ತಿದೆ, ಕಟ್ಟಿದೆ, ವಾಪಸ್. "ನಡೆಯುತ್ತಿದೆ" ಎಂದಿರುವ ಪಾಲನ್ನು ಇನ್ನೊಬ್ಬರಿಗೆ ಕಟ್ಟಲು ಕೊಡುವ ಮೊದಲು, ದುಡ್ಡು ಬಂದ ಸುದ್ದಿ ನಮಗೆ ತಲುಪಿಸುವ ಪೇಮೆಂಟ್ ಗೇಟ್‌ವೇಯನ್ನು ಕೇಳುತ್ತೇವೆ, ಮೂರು ನಿಮಿಷ ಹೆಚ್ಚು ಕಾಯುತ್ತೇವೆ. ಆಮೇಲೂ ಉತ್ತರ ಬಾರದಿದ್ದರೆ ಬಿಡುತ್ತೇವೆ, ಆದರೆ ಎರಡನೆಯದಾಗಿ ಬಂದ ದುಡ್ಡು ಯಾರೂ ಕೇಳದೆಯೇ ಕಟ್ಟಿದವರಿಗೆ ಮರಳುತ್ತದೆ. ಗೇಟ್‌ವೇ ಒಂದೇ ಪಾವತಿಯ ಸುದ್ದಿಯನ್ನು ಎರಡು ಸಲ ಕಳಿಸುವುದೂ ಉಂಟು, ಹಾಗಾಗಿ ಪಾವತಿಯ ಸಂಖ್ಯೆ ನೋಡಿ ಒಂದೇ ಸಲ ಎಣಿಸಬೇಕು.

ಖಾತೆಯಿಂದ ಹೋಗಿ ಅಂಗಡಿಗೆ ಖಾತ್ರಿಯೇ ಬಾರದ ದುಡ್ಡಿನ ಕತೆ ಬೇರೆ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ ಅದು ವಹಿವಾಟಿನ ದಿನದಿಂದ ಐದು ದಿನದೊಳಗೆ ತಾನಾಗಿ ಗ್ರಾಹಕರ ಖಾತೆಗೆ ಮರಳಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಅಂಗಡಿಯವರು ತಮ್ಮ ಕೈಯಿಂದ ಕೊಟ್ಟುಬಿಟ್ಟರೆ ಗ್ರಾಹಕರಿಗೆ ಎರಡು ಸಲ ಸಿಕ್ಕಂತಾಗುತ್ತದೆ. ಆದ್ದರಿಂದ ಗೇಟ್‌ವೇಯಲ್ಲಿ ಏನಿದೆ ಎಂದು ನೋಡದೆ ಕೊಡಬೇಡಿ ಎಂದು ಹೋಟೆಲಿನವರಿಗೆ ಹೇಳಿದ್ದೇನೆ.

ದುಡ್ಡೆಲ್ಲ ಬಂದ ಮೇಲೆ ತಿಂಡಿಯೇ ಮುಗಿದುಹೋದರೆ? ಹೋದ ವಾರ ಹಾಗೇ ಆಯಿತು, 60 ರೂಪಾಯಿಯ ಒಂದು ದೋಸೆಗೆ ಹಿಟ್ಟು ಸಾಲಲಿಲ್ಲ. ಆ ದೋಸೆ ಯಾರದ್ದೋ ಅವರಿಗೇ, ಅವರು ಕಟ್ಟಿದ ಖಾತೆಗೇ, 54 ರೂಪಾಯಿ ಹೋಯಿತು. ಆರು ರೂಪಾಯಿ ಅದರ ಪಾಲಿನ ರಿಯಾಯಿತಿ, ಅದನ್ನು ಅವರು ಕಟ್ಟಿರಲೇ ಇಲ್ಲ. ಆ ದೋಸೆ ತೆಗೆದರೆ ಕಾರ್ಟ್ 500ಕ್ಕಿಂತ ಕೆಳಗೆ ಇಳಿಯುತ್ತಿತ್ತು. ಇಳಿದರೂ ಉಳಿದವರ ರಿಯಾಯಿತಿಗೆ ಕೈ ಹಚ್ಚಲಿಲ್ಲ, ಹಿಟ್ಟು ಮುಗಿದದ್ದು ಹೋಟೆಲಿನಲ್ಲಿ.