ಎಲ್ಲಿ ಬೀಳುತ್ತೇನೆಂದು ಹೇಳದ ಕ್ಷಿಪಣಿ

2024ರ ನವೆಂಬರ್ 16ರಂದು ಒಡಿಶಾ ಕರಾವಳಿಯ ಅಬ್ದುಲ್ ಕಲಾಂ ದ್ವೀಪದಿಂದ ಡಿಆರ್‌ಡಿಒ ಒಂದು ಹೈಪರ್‌ಸಾನಿಕ್ ಕ್ಷಿಪಣಿಯನ್ನು ಪರೀಕ್ಷಿಸಿತು. 1500 ಕಿಲೋಮೀಟರಿಗೂ ಆಚೆಗಿನ ಗುರಿಯನ್ನು ಮುಟ್ಟುವಂಥದ್ದು. ಹೈಪರ್‌ಸಾನಿಕ್ ಎಂದರೆ ಶಬ್ದದ ಐದು ಪಟ್ಟಿಗಿಂತ ಹೆಚ್ಚು ವೇಗ ಎಂಬ ವಿವರಣೆ ಇಂಥ ಸುದ್ದಿಯ ಜೊತೆಗೇ ಬರುತ್ತದೆ. ಅದು ನಿಜ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. 2012ರಲ್ಲಿ ಮೊದಲು ಹಾರಿದ ನಮ್ಮ ಅಗ್ನಿ-5 ವಾತಾವರಣಕ್ಕೆ ಮರಳಿ ಹೊಕ್ಕುವಾಗ ಶಬ್ದದ ಇಪ್ಪತ್ತು ಪಟ್ಟಿನ ಆಸುಪಾಸಿನಲ್ಲಿರುತ್ತದೆ. 1944ರಲ್ಲಿ ಲಂಡನ್ ಮೇಲೆ ಬಿದ್ದ ಜರ್ಮನಿಯ ವಿ-2 ಕೂಡ ಐದು ಪಟ್ಟಿನ ಹತ್ತಿರ ಹೋಗಿತ್ತು. ಬರೀ ವೇಗವೇ ಲೆಕ್ಕವಾಗಿದ್ದರೆ ಇದು ಎಂಬತ್ತು ವರ್ಷದ ಹಳೇ ಸರಕು.

ಹೊಸತಿರುವುದು ಹಾರುವ ದಾರಿಯಲ್ಲಿ. ಬ್ಯಾಟ್ಸ್‌ಮನ್ ಎತ್ತಿ ಬಾರಿಸಿದ ಚೆಂಡನ್ನು ನೆನೆಸಿಕೊಳ್ಳಿ. ಅದು ಬ್ಯಾಟಿನಿಂದ ಹೊರಟ ಎರಡು ಕ್ಷಣದಲ್ಲೇ ಬೌಂಡರಿಯ ಫೀಲ್ಡರ್ ಓಡಲು ಶುರುಮಾಡಿರುತ್ತಾನೆ. ಅದು ಎಲ್ಲಿ ಬೀಳುತ್ತದೆಂದು ಅವನಿಗೆ ಗೊತ್ತು. ಬ್ಯಾಲಿಸ್ಟಿಕ್ ಕ್ಷಿಪಣಿಯೂ ಇಂಥದ್ದೇ ಚೆಂಡು. ಮೊದಲ ಕೆಲವು ನಿಮಿಷ ರಾಕೆಟ್ ಎಂಜಿನ್ ಉರಿಯುತ್ತದೆ, ಆಮೇಲೆ ಸಿಡಿತಲೆ ಬಾಹ್ಯಾಕಾಶದಲ್ಲಿ ಸುಮ್ಮನೆ ಬೀಳುತ್ತಾ ಸಾಗುತ್ತದೆ. ಅದನ್ನು ಎಳೆಯುವುದು ಗುರುತ್ವವೊಂದೇ. ಹಾಗಾಗಿ ಎರಡು ಮೂರು ಕಡೆ ಅದರ ಸ್ಥಾನ, ವೇಗ ಸಿಕ್ಕರೆ ಉಳಿದ ದಾರಿಯನ್ನು ಕಂಪ್ಯೂಟರ್ ಬರೆದುಕೊಡುತ್ತದೆ.

ಕ್ರೂಸ್ ಕ್ಷಿಪಣಿ ಇದಕ್ಕೆ ತದ್ವಿರುದ್ಧ. ಅದೊಂದು ಪುಟ್ಟ ವಿಮಾನ. ಗಾಳಿಯನ್ನು ಎಳೆದುಕೊಂಡು ಇಂಧನ ಉರಿಸುತ್ತಾ, ನೆಲಕ್ಕೆ ಅಂಟಿಕೊಂಡಂತೆ, ಬೇಕಾದಲ್ಲಿ ತಿರುಗುತ್ತಾ ಬರುತ್ತದೆ. ಆದರೆ ಬಹುಪಾಲು ಕ್ರೂಸ್ ಕ್ಷಿಪಣಿಗಳ ವೇಗ ಪ್ರಯಾಣಿಕ ವಿಮಾನದಷ್ಟೇ. ಬ್ರಹ್ಮೋಸ್‌ನಂಥವು ಶಬ್ದದ ಮೂರು ಪಟ್ಟಿನ ಹತ್ತಿರ ಹೋಗುತ್ತವೆ.

ಹೈಪರ್‌ಸಾನಿಕ್ ಕ್ಷಿಪಣಿ ಇವೆರಡರ ಗುಣವನ್ನೂ ಕಸಿ ಕಟ್ಟಿದ್ದು. ಒಂದು ಬಗೆ, ರಾಕೆಟ್ ಮೇಲಕ್ಕೆ ಹೊತ್ತೊಯ್ದು ಬಿಟ್ಟ ಗ್ಲೈಡರ್. ಬಾಹ್ಯಾಕಾಶದಲ್ಲೇ ಉಳಿಯದೆ ಬೇಗ ಕೆಳಗಿಳಿದು, ವಾತಾವರಣದ ಮೇಲಂಚಿನ ತೆಳುಗಾಳಿಯ ಮೇಲೆ ಹದ್ದಿನಂತೆ ತೇಲುತ್ತಾ ಹೋಗುತ್ತದೆ. ರಷ್ಯಾದ ಅವಂಗಾರ್ಡ್, ಚೀನಾ 2019ರ ಪರೇಡಿನಲ್ಲಿ ತೋರಿಸಿದ ಡಿಎಫ್-17 ಈ ಜಾತಿಯವು. ಇನ್ನೊಂದು ಬಗೆ, ಶಬ್ದಕ್ಕಿಂತ ವೇಗವಾಗಿ ಒಳನುಗ್ಗುವ ಗಾಳಿಯಲ್ಲೇ ಇಂಧನ ಉರಿಸುವ ಸ್ಕ್ರಾಮ್‌ಜೆಟ್ ಎಂಜಿನ್ನಿನ ಕ್ರೂಸ್ ಕ್ಷಿಪಣಿ. ಭಾರತ 2020ರ ಸೆಪ್ಟೆಂಬರ್‌ನಲ್ಲಿ ಅಂಥ ಎಂಜಿನ್ನನ್ನು 20 ಸೆಕೆಂಡಿಗೂ ಹೆಚ್ಚು ಕಾಲ ಹಾರಾಟದಲ್ಲೇ ಉರಿಸಿ ನೋಡಿತ್ತು. ಇಲ್ಲಿ ಗ್ಲೈಡರ್ ಒಂದನ್ನೇ ಹಿಂಬಾಲಿಸೋಣ.

ಮೊದಲ ತೊಂದರೆ ಭೂಮಿ ದುಂಡಗಿರುವುದು. ನೆಲದ ಮೇಲಿನ ರಾಡಾರ್ ದಿಗಂತದಾಚೆ ನೋಡಲಾರದು. 500 ಕಿ.ಮೀ. ಎತ್ತರಕ್ಕೆ ಏರುವ ಬ್ಯಾಲಿಸ್ಟಿಕ್ ಸಿಡಿತಲೆ ಅಂದಾಜು 2400 ಕಿ.ಮೀ. ದೂರದಿಂದಲೇ ದಿಗಂತದ ಮೇಲೆ ತಲೆ ಎತ್ತಬಲ್ಲದು. 40 ಕಿ.ಮೀ. ಎತ್ತರದಲ್ಲಿ ತೇಲುವ ಗ್ಲೈಡರ್ ಕಣ್ಣಿಗೆ ಬೀಳುವುದು ಸುಮಾರು 700 ಕಿ.ಮೀ. ಹತ್ತಿರ ಬಂದ ಮೇಲೆ. ಶಬ್ದದ ಎಂಟು ಪಟ್ಟು ಎಂದರೆ ಆ ಎತ್ತರದಲ್ಲಿ ಸೆಕೆಂಡಿಗೆ ಎರಡೂವರೆ ಕಿ.ಮೀ. ಉಳಿಯುವುದು ಐದು ನಿಮಿಷಕ್ಕೂ ಕಡಿಮೆ. 50 ಮೀಟರ್ ಎತ್ತರದಲ್ಲಿ ಬರುವ ಮಾಮೂಲಿ ಕ್ರೂಸ್ ಕ್ಷಿಪಣಿ ಕಾಣುವುದು ಇನ್ನೂ ತಡವಾಗಿ, 25 ಕಿ.ಮೀ. ದೂರದಲ್ಲಿ. ಆದರೆ ಅದು ನಿಧಾನ. ಕಂಡ ಮೇಲೆ ಹೊಡೆಯುವುದು ಅಷ್ಟು ಕಷ್ಟವಲ್ಲ, ಯುದ್ಧವಿಮಾನ ಬೆನ್ನಟ್ಟಿಯೂ ಉರುಳಿಸಬಹುದು.

ಐದು ನಿಮಿಷ ಸಾಲದೇ ಎಂದು ಕೇಳಬಹುದು. ನಿಜವಾದ ತಲೆನೋವು ಸಮಯಕ್ಕಿಂತ ಊಹೆಯದು. ಗ್ಲೈಡರ್ ಅಡ್ಡಾದಿಡ್ಡಿ ಕುಣಿಯುತ್ತಾ ಬರುತ್ತದೆ ಎಂದು ತೋರಿಸುವ ಅನಿಮೇಷನ್‌ಗಳನ್ನು ನಂಬಬೇಡಿ. ಆ ವೇಗದಲ್ಲಿ ಗುರುತ್ವದ ಎರಡು ಪಟ್ಟು ಬಲದಿಂದ ತಿರುಗಿದರೂ ಅದರ ತಿರುವಿನ ತ್ರಿಜ್ಯ 300 ಕಿ.ಮೀ. ಮೀರುತ್ತದೆ. ಅದು ಮಾಡುವುದು ಮೆಲ್ಲನೆ ಬಾಗುವ ಕೆಲಸ, ಅಷ್ಟೇ. ಆದರೆ ಅಷ್ಟು ಸಾಕು. ಎದುರು ಹೋಗಿ ಹೊಡೆಯುವ ಕ್ಷಿಪಣಿಯನ್ನು, ಅಂದರೆ ಇಂಟರ್‌ಸೆಪ್ಟರನ್ನು ಹಾರಿಸಿ, ಅದು ಭೇಟಿಯ ಜಾಗ ತಲುಪಲು 100 ಸೆಕೆಂಡು ಬೇಕೆನ್ನಿ. ಅಷ್ಟರಲ್ಲಿ ಗ್ಲೈಡರ್ ಗುರುತ್ವದಷ್ಟೇ ಬಲದಲ್ಲಿ ಒಂದು ಪಕ್ಕಕ್ಕೆ ವಾಲಿದರೆ ಊಹಿಸಿದ ಜಾಗದಿಂದ 50 ಕಿ.ಮೀ. ದೂರ ಸರಿದಿರುತ್ತದೆ. 10 ಸೆಕೆಂಡಾದರೆ ಬರೀ ಅರ್ಧ ಕಿಲೋಮೀಟರ್. ತಪ್ಪು ಸಮಯದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಅದಕ್ಕೇ ದೂರದಿಂದ ಹೊಡೆಯುವುದು ಕಷ್ಟ, ಗುರಿಯ ಹತ್ತಿರ ನಿಂತು ಹೊಡೆಯುವುದು ಸಾಧ್ಯ. ಹತ್ತಿರ ನಿಂತವರು ಕಾಯುವುದು ಮಾತ್ರ ಚಿಕ್ಕ ಜಾಗವನ್ನೇ.

2023ರ ಮೇ 4ರ ರಾತ್ರಿ ಉಕ್ರೇನಿನ ರಾಜಧಾನಿ ಕೀವ್ ಮೇಲೆ ನಡೆದದ್ದು ಇದಕ್ಕೆ ಸಾಕ್ಷಿ. ರಷ್ಯಾದ ಕಿಂಝಾಲ್ ಕ್ಷಿಪಣಿಯೊಂದನ್ನು ಅಮೆರಿಕದ ಪೇಟ್ರಿಯಟ್ ವ್ಯವಸ್ಥೆ ಹೊಡೆದುಹಾಕಿತು. ಕಿಂಝಾಲ್ ಎಂದರೆ ಕಠಾರಿ. 2018ರಲ್ಲಿ ಪುಟಿನ್ ಅದನ್ನು ಯಾರೂ ತಡೆಯಲಾಗದ ಹೈಪರ್‌ಸಾನಿಕ್ ಆಯುಧಗಳ ಸಾಲಿನಲ್ಲಿ ಪರಿಚಯಿಸಿದ್ದರು. ಹಾಗಾದರೆ ಸಿಕ್ಕಿದ್ದು ಹೇಗೆ? ಕಿಂಝಾಲ್ ಗ್ಲೈಡರ್ ಅಲ್ಲ. ನೆಲದಿಂದ ಹಾರುವ ಇಸ್ಕಂದರ್ ಕ್ಷಿಪಣಿಯ ಸಂಬಂಧಿಯನ್ನು ಮಿಗ್-31 ವಿಮಾನಕ್ಕೆ ನೇತುಹಾಕಿದ್ದು. ಒಂದಿಷ್ಟು ತಿರುಗಬಲ್ಲದು, ಆದರೆ ಹೆಚ್ಚುಕಡಿಮೆ ಎತ್ತಿ ಬಾರಿಸಿದ ಚೆಂಡೇ. ಕೊನೆಗೆ ದಟ್ಟ ಗಾಳಿಗೆ ಇಳಿದಾಗ ವೇಗವನ್ನೂ ಕಳೆದುಕೊಳ್ಳುತ್ತದೆ. ಪೇಟ್ರಿಯಟ್ ಇದ್ದದ್ದೂ ಗುರಿಯ ಪಕ್ಕದಲ್ಲೇ. ಇದರಿಂದ ಹೈಪರ್‌ಸಾನಿಕ್ ಎಲ್ಲ ಬುರುಡೆ ಎಂದು ತೀರ್ಮಾನಿಸಿದವರೂ ಇದ್ದಾರೆ, ಅದು ಆತುರ. ಇಂಥ ಕ್ಷಿಪಣಿಗಳೆದುರು ಒಂದು ಪೇಟ್ರಿಯಟ್ ತುಕಡಿಯ ಕಾವಲು ಕೆಲವೇ ಹತ್ತಾರು ಕಿಲೋಮೀಟರಿನಷ್ಟು. ಕೀವ್‌ಗೆ ಕೊಡೆ ಹಿಡಿದರೆ ಪಕ್ಕದ ಊರು ನೆನೆಯುತ್ತದೆ.

ಹಾಗಿದ್ದರೆ ಮೇಲೆಯೇ ಹೊಡೆಯಬಾರದೇ? ಹಡಗಿನಿಂದ ಹಾರುವ ಅಮೆರಿಕದ ಎಸ್‌ಎಂ-3 ಬೇಟೆಯಾಡುವುದು ಬಾಹ್ಯಾಕಾಶದಲ್ಲಿ, ಗಾಳಿಯೇ ಇಲ್ಲದಲ್ಲಿ. ನೆಲದಿಂದ ಹಾರುವ ಅಮೆರಿಕದ್ದೇ ಥಾಡ್ ವ್ಯವಸ್ಥೆಯ ಕೆಳಮಿತಿ ಸುಮಾರು 40 ಕಿ.ಮೀ. ಪೇಟ್ರಿಯಟ್ ಅದಕ್ಕಿಂತ ಬಹಳ ಕೆಳಗೆ. ಗ್ಲೈಡರ್ ತನ್ನ ದಾರಿಯ ಬಹುಪಾಲು ಕಳೆಯುವುದು ಈ ಎರಡು ಮಹಡಿಗಳ ನಡುವಿನ ಸಂದಿಯಲ್ಲಿ. ಅಲ್ಲಿ ಹೊಡೆಯುವ ಇಂಟರ್‌ಸೆಪ್ಟರ್ ತಯಾರಿಸಲು ಅಮೆರಿಕ, ಜಪಾನ್ 2023ರಲ್ಲಿ ಕೈಜೋಡಿಸಿವೆ. ಮೇಲಿನಿಂದ ಗ್ಲೈಡರಿನ ಬಿಸಿಯನ್ನು ಗುರುತಿಸಿ ಹಿಂಬಾಲಿಸುವ ಎರಡು ಪ್ರಾಯೋಗಿಕ ಉಪಗ್ರಹಗಳನ್ನೂ ಅಮೆರಿಕ 2024ರ ಫೆಬ್ರವರಿಯಲ್ಲಿ ಹಾರಿಸಿತು. ರಾಕೆಟ್ಟಿನ ಜ್ವಾಲೆಯನ್ನು ಹಳೆಯ ಉಪಗ್ರಹಗಳು 36,000 ಕಿ.ಮೀ. ಎತ್ತರದಿಂದಲೇ ಕಾಣುತ್ತವೆ. ಎಂಜಿನ್ ಆರಿದ ಮೇಲಿನ ಮಸುಕು ಕೆಂಡವನ್ನು ಬೆನ್ನುಹತ್ತಲು ಕೆಳಗಿನ ಕಕ್ಷೆಯ ಕಣ್ಣು ಬೇಕು.

ಆ ಸಂದಿಯಲ್ಲಿ ಹಾರುವುದು ಗ್ಲೈಡರಿಗೂ ಸಲೀಸಲ್ಲ. 30 ಕಿ.ಮೀ. ಎತ್ತರದಲ್ಲಿ ಶಬ್ದದ ಆರು ಪಟ್ಟು ವೇಗವಿದ್ದರೆ ಮೂತಿಗೆ ಬಡಿದು ನಿಲ್ಲುವ ಗಾಳಿಯೇ 1400 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಮೆರಿಕದ ಎಚ್‌ಟಿವಿ-2 ಗ್ಲೈಡರ್ 2010 ಮತ್ತು 2011ರಲ್ಲಿ ಎರಡು ಸಲ ಹಾರಿ ಎರಡು ಸಲವೂ ಒಂಬತ್ತು ನಿಮಿಷದ ಹೊತ್ತಿಗೆ ಸಂಪರ್ಕ ಕಳೆದುಕೊಂಡಿತು. ಎರಡನೇ ಸಲ ಹೊರಕವಚ ನಿರೀಕ್ಷೆಗಿಂತ ಹೆಚ್ಚು ಕಿತ್ತುಬಂದಿತ್ತು.

ಈ ಗಾಳಿಯ ಒಂದು ತುಣುಕನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶಾಕ್ ಟನೆಲ್‌ಗಳಲ್ಲಿ ದಶಕಗಳಿಂದ ಸೃಷ್ಟಿಸುತ್ತಾ ಬಂದಿದ್ದಾರೆ. ಉದ್ದ ಕೊಳವೆ, ನಡುವೆ ತೆಳು ಲೋಹದ ಪರದೆ. ಒಂದು ಕಡೆ ಒತ್ತಡ ಏರಿಸುತ್ತಾ ಹೋದರೆ ಪರದೆ ಹರಿದು ಆಘಾತ ತರಂಗ ನುಗ್ಗುತ್ತದೆ. ತುದಿಯಲ್ಲಿಟ್ಟ ಮಾದರಿಯ ಮೇಲೆ ಹೈಪರ್‌ಸಾನಿಕ್ ಗಾಳಿ ಬೀಸುವುದು ಸುಮಾರು ಒಂದು ಮಿಲಿಸೆಕೆಂಡ್. ಅಷ್ಟರಲ್ಲೇ ಒತ್ತಡ, ಶಾಖ ಎಲ್ಲವನ್ನೂ ಅಳೆದುಕೊಳ್ಳಬೇಕು. ಒಂದು ರೆಪ್ಪೆ ಬಡಿತಕ್ಕೆ ಅದರ ನೂರು ಪಟ್ಟಿಗೂ ಹೆಚ್ಚು ಸಮಯ ಬೇಕು.

ಅದೇ ಬಿಸಿ ತಡೆಯಲು ಹೋಗುವವನನ್ನೂ ಬಿಡುವುದಿಲ್ಲ. ಇಂಟರ್‌ಸೆಪ್ಟರ್ ಗುರಿಯನ್ನು ಹುಡುಕುವುದು ಮೂತಿಯಲ್ಲಿರುವ ಶಾಖಸಂವೇದಿಯಿಂದಾದರೆ, ಅದರ ಮುಂದಿರುವ ಕಿಟಕಿಗಾಜೇ ಆ ಗಾಳಿಯಲ್ಲಿ ಕಾದು ಬೆಳಗತೊಡಗುತ್ತದೆ. ಥಾಡ್‌ನಂಥವು ತೀರಾ ಕೆಳಗಿಳಿಯದಿರಲು ಇದೂ ಒಂದು ಕಾರಣ.