ಟೈಮ್‌ಶೀಟ್ ಹಾಕದವರಿಗೆ ನೋವಾಗದ ಹಾಗೆ ನೆನಪಿಸೋದು ಹೇಗೆ?

ಓದುಗರ ಪ್ರಶ್ನೆ: ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ 12 ಜನರ ಟೀಮ್ ನೋಡಿಕೊಳ್ಳುತ್ತೇನೆ. ಶುಕ್ರವಾರ ಸಂಜೆ 6ರೊಳಗೆ ಟೈಮ್‌ಶೀಟ್ ಸಬ್ಮಿಟ್ ಆಗಬೇಕು. ಸೋಮವಾರ ನೋಡಿದರೆ ನಾಲ್ಕು ಜನರದ್ದು ಬಾಕಿ ಇರುತ್ತದೆ. ಹೆಸರು ಹಾಕಿ ಮೇಲ್ ಮಾಡಿದರೆ ಮುಖ ಊದಿಸಿಕೊಳ್ಳುತ್ತಾರೆ, ಹೆಸರಿಲ್ಲದೆ ಹಾಕಿದರೆ ಯಾರೂ ಕೇರ್ ಮಾಡುವುದಿಲ್ಲ. ಏನು ಮಾಡಲಿ?

ಉತ್ತರ: ಮೊದಲು ದಿನ ಬದಲಿಸಿ. ಗ್ರೂಪ್ ಮೆಸೇಜು ಗಡುವಿಗೆ ಮುಂಚೆ ಹೋಗಬೇಕು. ಗಡುವು ದಾಟಿದ ಮೇಲೆ ಏನಿದ್ದರೂ ಒಬ್ಬೊಬ್ಬರ ಹತ್ತಿರ ಮಾತು.

ಶುಕ್ರವಾರ ಮಧ್ಯಾಹ್ನ 3ಕ್ಕೆ ಯಾರೂ ಲೇಟಾಗಿರುವುದಿಲ್ಲ, ಹಾಗಾಗಿ ಆಗ ಹಾಕಿದ ಮೆಸೇಜು ಯಾರಿಗೂ ಚುಚ್ಚುವುದಿಲ್ಲ. ಅದೇ ಸೋಮವಾರ ಬೆಳಗ್ಗೆ "ಇನ್ನೂ ನಾಲ್ಕು ಜನ ಹಾಕಿಲ್ಲ" ಅಂತ ಬರೆದರೆ ಹೆಸರು ಬಿಟ್ಟಿದ್ದೇ ಸುಮ್ನೆ. 12 ಜನರ ಟೀಮಲ್ಲಿ ಆ ನಾಲ್ಕು ಯಾರು ಅಂತ ಟೀ ಟೈಮಿಗೆ ಮುಂಚೆಯೇ ಎಲ್ಲರಿಗೂ ಗೊತ್ತಾಗಿರುತ್ತದೆ, ಸರಿಯಾಗಿ ಹಾಕಿದ ಎಂಟು ಜನರಿಗೆ ನಮಗೂ ಯಾಕೆ ಬೈಗುಳ ಅನ್ನಿಸಿರುತ್ತದೆ.

ಶುಕ್ರವಾರದ ಮೆಸೇಜು ಹೀಗಿದ್ದರೆ ಸಾಕು:

"ಈ ವಾರದ ಟೈಮ್‌ಶೀಟ್ ಇವತ್ತು 6ಕ್ಕೆ ಕ್ಲೋಸ್. ಸೋಮವಾರ ಬೆಳಗ್ಗೆ ಇದನ್ನೇ ಇಟ್ಟುಕೊಂಡು ಕ್ಲೈಂಟ್‌ಗೆ ಬಿಲ್ ಹೋಗುತ್ತದೆ. ಸೇವ್ ಮಾಡಿದರೆ ಸಾಲದು, ಸಬ್ಮಿಟ್ ಒತ್ತಿ. ರಜೆ ಇದ್ದ ದಿನವನ್ನೂ ತುಂಬಿ. ಪ್ರಾಜೆಕ್ಟ್ ಕೋಡ್ ಕಾಣಿಸದಿದ್ದರೆ ನನಗೆ ಒಂದು ಪಿಂಗ್ ಮಾಡಿ. ಆಗಲೇ ಹಾಕಿದವರು ಇದನ್ನು ಬಿಟ್ಟುಬಿಡಿ."

ಇದರಲ್ಲಿ ಯಾಕೆ ಬೇಕು ಅನ್ನೋದಿದೆ, ಎಲ್ಲಿ ಸಿಕ್ಕಿಕೊಳ್ಳುತ್ತಾರೆ ಅನ್ನೋದಿದೆ. "ದಯವಿಟ್ಟು ಶಿಸ್ತು ಪಾಲಿಸಿ", "ಎಷ್ಟು ಸಲ ಹೇಳಬೇಕು" ಥರದ ಒಂದು ಸಾಲು ಸೇರಿಸಿದಿರೋ, ಅದೇ ತಲೆಯಲ್ಲಿ ಉಳಿಯುತ್ತದೆ, 6 ಗಂಟೆ ಮರೆತುಹೋಗುತ್ತದೆ.

ನೀವು ಸ್ಲ್ಯಾಕ್ ಬಳಸುತ್ತಿದ್ದರೆ ಟೀಮಿನ ಚಾನೆಲ್ಲಿಗೆ ಇದನ್ನು ಒಂದೇ ಸಲ ಕೊಟ್ಟರೆ ಸಾಕು:

```
/remind #team "ಟೈಮ್‌ಶೀಟ್ 6ಕ್ಕೆ ಕ್ಲೋಸ್" every Friday at 3pm
```

ಬಾಟ್ ಹೇಳಿದ್ದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ, ಅದೇ ಅನುಕೂಲ. ಅನನುಕೂಲವೂ ಅದೇ: ಕೆಲವು ವಾರ ಕಳೆದರೆ ಕಣ್ಣಿಗೇ ಬೀಳುವುದಿಲ್ಲ, ಆದ್ದರಿಂದ ತಿಂಗಳ ಕೊನೆಯಲ್ಲಿ ಮಾತ್ರ ನೀವೇ ಕೈಯಾರೆ ಬರೆಯಿರಿ.

ಒಂದು ಕಡೆ ತುಂಬಾ ಜನ ಎಡವುತ್ತಾರೆ. "ಹಾಕಿದವರು ಇಲ್ಲಿ ಡನ್ ಅಂತ ಹಾಕಿ" ಅಂತ ಕೇಳುವುದು. ಕೇಳೋಕೆ ಸಾಧು ಅನ್ನಿಸುತ್ತದೆ, ಅಲ್ವಾ? ಆದರೆ ಒಂದರ ಕೆಳಗೊಂದು ಎಂಟು ಡನ್ ಬಂದು ನಿಂತ ಮೇಲೆ ಉಳಿದವರ ಹೆಸರನ್ನು ಗೋಡೆಗೆ ಅಂಟಿಸಿದ ಹಾಗೇ ಆಯಿತು. ಶೇರ್ ಮಾಡಿದ ಎಕ್ಸೆಲ್‌ನಲ್ಲಿ ಬಾಕಿ ಇದ್ದವರ ಸಾಲಿಗೆ ಕೆಂಪು ಬಣ್ಣ ಬಳಿಯುವುದೂ ಇದೇ ಕಥೆ. ಯಾರು ಹಾಕಿದ್ದಾರೆ ಅನ್ನೋದು ಟೈಮ್‌ಶೀಟ್ ಸಿಸ್ಟಮ್‌ನಲ್ಲೇ ನಿಮಗೆ ಕಾಣುತ್ತದೆ, ಗ್ರೂಪಲ್ಲಿ ಹಾಜರಿ ಕರೆಯುವ ಅಗತ್ಯ ಇಲ್ಲ.

ಇನ್ನು ಆ ನಾಲ್ಕು ಜನ. ಸೋಮವಾರ ಲಿಸ್ಟ್ ತೆಗೆದು ಸ್ಟೇಟಸ್ ನೋಡಿ. ಸಾಮಾನ್ಯವಾಗಿ ಸಿಗುವ ಚಿತ್ರ ಹೀಗಿರುತ್ತದೆ. ಒಬ್ಬರದ್ದು 40 ಗಂಟೆಯೂ ತುಂಬಿದೆ, ಆದರೆ ಡ್ರಾಫ್ಟಲ್ಲೇ ಕೂತಿದೆ. ಇನ್ನೊಬ್ಬರು ಗುರುವಾರ, ಶುಕ್ರವಾರ ರಜೆ ಹಾಕಿ ಊರಿಗೆ ಹೋಗಿದ್ದಾರೆ, ಆ ಎರಡು ದಿನ ಖಾಲಿ ಇರೋದರಿಂದ ಸಿಸ್ಟಮ್ ಸಬ್ಮಿಟ್ ಮಾಡಲು ಬಿಟ್ಟಿಲ್ಲ. ಮೂರನೆಯವರು ಹೊಸಬರು, ಅವರಿಗೆ ಪ್ರಾಜೆಕ್ಟ್ ಕೋಡನ್ನೇ ಯಾರೂ ಕೊಟ್ಟಿಲ್ಲ, ಅದು ನಿಮ್ಮ ಕಡೆಯ ಕೆಲಸ. ನಿಜವಾಗಿ ಮರೆತವರು ನಾಲ್ಕನೆಯವರೊಬ್ಬರೇ. ಈ ನಾಲ್ವರಿಗೂ ಒಂದೇ ಮೇಲ್ ಹೋಗಿದ್ದರೆ ಮೂವರಿಗೆ ಅನ್ಯಾಯ ಆಗುತ್ತಿತ್ತು.

ಪರ್ಸನಲ್ ಮೆಸೇಜಲ್ಲಿ ನಿಮಗೆ ಕಂಡದ್ದನ್ನಷ್ಟೇ ಬರೆಯಿರಿ: "ನಿಮ್ಮ ಟೈಮ್‌ಶೀಟ್ ಡ್ರಾಫ್ಟಲ್ಲಿದೆ, 11ರೊಳಗೆ ಸಬ್ಮಿಟ್ ಮಾಡ್ತೀರಾ? ಏನಾದರೂ ತೊಡಕಿದ್ದರೆ ಹೇಳಿ." "ಮತ್ತೆ ಮರೆತ್ರಾ" ಅನ್ನಬೇಡಿ, ತಮಾಷೆಗೂ ಬೇಡ. ಎಲ್ಲರಿಗೂ ಒಟ್ಟಿಗೆ ಬಿಸಿಸಿ ಹಾಕಿ ಕಳಿಸುವುದೂ ಬೇಡ. ಅದರಲ್ಲಿ ಒಬ್ಬರಿಗೊಬ್ಬರು ಕಾಣಿಸುವುದಿಲ್ಲ ನಿಜ, ಆದರೆ ಟು ಜಾಗದಲ್ಲಿ ಟೀಮಿನ ಐಡಿ ಇದ್ದು ಯಾರಾದರೂ ರಿಪ್ಲೈ ಆಲ್ ಒತ್ತಿದರೆ ಗುಟ್ಟು ರಟ್ಟು.

ಅದೇ ವ್ಯಕ್ತಿ ವಾರ ವಾರವೂ ಮರೆಯುತ್ತಿದ್ದರೆ ಮೆಸೇಜು ನಿಲ್ಲಿಸಿ, ಹತ್ತು ನಿಮಿಷ ಕೂತು ಮಾತಾಡಿ. ಐದು ದಿನದ ಕೆಲಸವನ್ನು ಶುಕ್ರವಾರ ನೆನಪಿಸಿಕೊಂಡು ತುಂಬುವುದು ಅವರಿಗೆ ತಲೆನೋವಾಗಿರಬಹುದು, ದಿನಾ ಸಂಜೆ ತುಂಬಿ ಸೇವ್ ಮಾಡಿಟ್ಟರೆ ಕೊನೆಗೆ ಒಂದೇ ಕ್ಲಿಕ್. ಆಮೇಲೂ ಸರಿ ಹೋಗದೆ ಮ್ಯಾನೇಜರನ್ನು ಸಿಸಿಗೆ ಹಾಕಲೇಬೇಕಾಗಿ ಬಂದರೆ, ಮುಂದಿನ ವಾರದಿಂದ ಹಾಕುತ್ತೇನೆ ಅಂತ ಅವರಿಗೇ ಮೊದಲು ಹೇಳಿಬಿಡಿ.