ಕಾಯಿಲ್ ಪದೇ ಪದೇ ಸುಡುತ್ತಿದ್ದರೆ ತಪ್ಪು ಡಯೋಡಿನದೇ?

ರಿಲೇ ಇರಲಿ, ಕಾಂಟ್ಯಾಕ್ಟರ್ ಇರಲಿ, ಕಾಯಿಲ್ ಸುಟ್ಟಿತು ಎಂದ ಕೂಡಲೇ "ಡಯೋಡ್ ಹಾಕಿಲ್ವಾ? ಸ್ನಬ್ಬರ್ ಇಲ್ವಾ?" ಎಂಬ ಪ್ರಶ್ನೆ ಬರುತ್ತದೆ. ಎರಡೂ ವೋಲ್ಟೇಜ್ ಸ್ಪೈಕನ್ನು, ಅಂದರೆ ಒಮ್ಮೆಲೇ ಏರುವ ವೋಲ್ಟೇಜನ್ನು, ತಗ್ಗಿಸುವ ಭಾಗಗಳು. ಆಫ್ ಮಾಡುವಾಗ ವೋಲ್ಟೇಜ್ ಸ್ಪೈಕ್ ಏಳುತ್ತದೆ, ಅದೇ ಕಾಯಿಲನ್ನು ಸುಡುತ್ತದೆ ಎಂದು ಹಲವರು ತಿಳಿದಿರುತ್ತಾರೆ. ಸ್ಪೈಕ್ ಏಳುವುದು ನಿಜ. ಆದರೆ ಅದರ ಏಟು ಮುಖ್ಯವಾಗಿ ಬೀಳುವುದು ಕಾಯಿಲಿನ ಮೇಲಲ್ಲ, ಕಾಯಿಲನ್ನು ಆಫ್ ಮಾಡುವ ಸ್ವಿಚ್ಚಿನ ಮೇಲೆ. ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ.

ಸ್ಪೈಕಿನಲ್ಲಿ ಎಷ್ಟು ಶಕ್ತಿ ಇರುತ್ತದೆ

ಅಂಗಡಿಯಲ್ಲಿ ಸಿಗುವ ಚಿಕ್ಕ 12 ವೋಲ್ಟ್ ರಿಲೇ ತೆಗೆದುಕೊಳ್ಳಿ. ಅದರ ಕಾಯಿಲ್ ಸುಮಾರು 400 ಓಮ್, ಅಂದರೆ ಕರೆಂಟ್ 30 ಮಿಲಿಆಂಪ್. ಇಂಡಕ್ಟನ್ಸ್ ಅರ್ಧ ಹೆನ್ರಿ ಎಂದು ಇಟ್ಟುಕೊಳ್ಳೋಣ. ಕಾಯಿಲಿನ ಕಾಂತಕ್ಷೇತ್ರದಲ್ಲಿ ಕೂಡಿಟ್ಟ ಶಕ್ತಿ:

```
E = ½ × L × I²
  = ½ × 0.5 × 0.03²
  = 0.000225 J
```

ಇದೇ ಕಾಯಿಲ್ ಆನ್ ಆಗಿರುವಾಗ 0.36 ವ್ಯಾಟ್ ಬಿಸಿ ಹೊರಹಾಕುತ್ತಿರುತ್ತದೆ. ಅಂದರೆ ಸ್ಪೈಕಿನ ಪೂರ್ತಿ ಶಕ್ತಿ, ಕಾಯಿಲ್ ಸುಮ್ಮನೆ ಒಂದು ಮಿಲಿಸೆಕೆಂಡ್ ಆನ್ ಇದ್ದಾಗ ಆಗುವ ಬಿಸಿಗಿಂತಲೂ ಕಡಿಮೆ. ಇಷ್ಟರಿಂದ ತಾಮ್ರದ ತಂತಿ ಕರಕಲಾಗುವುದಿಲ್ಲ.

ಶಕ್ತಿ ಚಿಕ್ಕದಾದರೂ ವೋಲ್ಟೇಜ್ ಚಿಕ್ಕದಲ್ಲ. ಸ್ವಿಚ್ ತೆರೆದ ಕ್ಷಣದಲ್ಲೂ ಕಾಯಿಲ್ ಆ 30 ಮಿಲಿಆಂಪನ್ನು ಹರಿಸುತ್ತಲೇ ಇರಲು ನೋಡುತ್ತದೆ. ಹೋಗಲು ಬೇರೆ ದಾರಿ ಇಲ್ಲದಿದ್ದರೆ ಆ ಕರೆಂಟ್ ತಂತಿಗಳ ನಡುವಿನ ಪುಟ್ಟ ಕೆಪಾಸಿಟನ್ಸನ್ನು ತುಂಬುತ್ತದೆ. ಅದು 100 ಪಿಕೋಫ್ಯಾರಡ್ ಎಂದುಕೊಂಡರೆ ಲೆಕ್ಕದಲ್ಲಿ ಎರಡು ಸಾವಿರ ವೋಲ್ಟ್ ದಾಟುತ್ತದೆ. ನಿಜದಲ್ಲಿ ಅಷ್ಟು ಏರುವ ಮೊದಲೇ ಸ್ವಿಚ್ ಶರಣಾಗಿರುತ್ತದೆ. ಅದು BC547 ಟ್ರಾನ್ಸಿಸ್ಟರ್ ಆದರೆ ಅದರ ಮಿತಿ 45 ವೋಲ್ಟ್. ಸುಟ್ಟು ಶಾರ್ಟ್ ಆಗಬಹುದು. ಲೋಹದ ಕಾಂಟ್ಯಾಕ್ಟ್ ಆದರೆ ಕಿಡಿ ಹಾರುತ್ತದೆ, ದಿನ ಕಳೆದಂತೆ ಕಾಂಟ್ಯಾಕ್ಟ್ ಮೇಲೆ ಗುಳಿ ಬೀಳುತ್ತದೆ.

ಕಾಯಿಲಿಗೆ ಅಡ್ಡಲಾಗಿ ಹಾಕುವ ಡಯೋಡ್ ಆ ಕರೆಂಟಿಗೆ ಸುತ್ತಿ ಬರುವ ದಾರಿ ಕೊಡುತ್ತದೆ. 1N4007ರ ಪಟ್ಟಿ ಇರುವ ತುದಿ ಪ್ಲಸ್ ಕಡೆಗೆ ಇರಬೇಕು. ಆಗ ಟ್ರಾನ್ಸಿಸ್ಟರ್ ಕಾಣುವುದು 12.7 ವೋಲ್ಟ್ ಮಾತ್ರ. ತಿರುಗುಮುರುಗಾಗಿ ಹಾಕಿದರೆ ಟ್ರಾನ್ಸಿಸ್ಟರ್ ಆನ್ ಆದೊಡನೆ ಸಪ್ಲೈ ನೇರವಾಗಿ ಶಾರ್ಟ್.

ಇದಕ್ಕೊಂದು ಬೆಲೆಯೂ ಇದೆ. ಕರೆಂಟ್ ನಿಧಾನವಾಗಿ ಕರಗುವುದರಿಂದ ರಿಲೇ ತಡವಾಗಿ ಬಿಡುತ್ತದೆ, ಅದರ ಕಾಂಟ್ಯಾಕ್ಟ್‌ಗಳೂ ನಿಧಾನವಾಗಿ ತೆರೆದು ಲೋಡ್ ಕಡೆ ಹೆಚ್ಚು ಕಿಡಿಯಾಗಬಹುದು. ಬೇಗ ಬಿಡಬೇಕೆಂದರೆ ಡಯೋಡಿನ ಸಾಲಿನಲ್ಲೇ 24 ವೋಲ್ಟ್ ಝೀನರ್ ಒಂದನ್ನು ಎದುರುಬದುರಾಗಿ ಸೇರಿಸುತ್ತಾರೆ. ಆಗ ಟ್ರಾನ್ಸಿಸ್ಟರ್ ಸುಮಾರು 37 ವೋಲ್ಟ್ ಕಾಣುತ್ತದೆ, ಇನ್ನೂ 45ರ ಒಳಗೇ ಇದೆ.

ಹಾಗಾದರೆ ಕಾಯಿಲ್ ಸುಡುವುದು ಏಕೆ

ಈಗ ನಮ್ಮ ಹೊಲಗಳ ಬೋರ್‌ವೆಲ್ ಸ್ಟಾರ್ಟರಿಗೆ ಬರೋಣ. ಮೂರು ಫೇಸ್ ಸಪ್ಲೈ, 415 ವೋಲ್ಟ್ ಎಸಿ ಕಾಯಿಲ್ ಇರುವ ಚಿಕ್ಕ ಕಾಂಟ್ಯಾಕ್ಟರ್. ಒಂದೇ ಬೇಸಿಗೆಯಲ್ಲಿ ಹಲವು ಸಲ ಕಾಯಿಲ್ ಬದಲಾಯಿಸಿದ ಸ್ಟಾರ್ಟರ್‌ಗಳು ಅಪರೂಪವೇನಲ್ಲ.

ಎಸಿ ಕಾಯಿಲಿನ ಗುಟ್ಟು ಇಲ್ಲಿದೆ. ಅದರ ಕರೆಂಟನ್ನು ಹಿಡಿದಿಡುವುದು ತಂತಿಯ ಓಮ್‌ಗಿಂತ ಹೆಚ್ಚಾಗಿ ಇಂಡಕ್ಟನ್ಸ್. ಕಾಯಿಲ್ ಸೆಳೆಯುವ ಚಲಿಸುವ ಕಬ್ಬಿಣದ ಭಾಗವೇ ಆರ್ಮೇಚರ್; ಅದು ಕಾಯಿಲಿನೊಳಗಿನ ಸ್ಥಿರ ಕಬ್ಬಿಣವಾದ ಕೋರಿಗೆ ಪೂರ್ತಿ ಅಂಟಿಕೊಂಡಾಗ ಮಾತ್ರ ಆ ಇಂಡಕ್ಟನ್ಸ್ ಸಾಕಷ್ಟಿರುತ್ತದೆ. ನಡುವೆ ಗಾಳಿಯ ಸಂದು ಇದ್ದಾಗ ಇಂಡಕ್ಟನ್ಸ್ ಕುಸಿದು ಕರೆಂಟ್ ಏರುತ್ತದೆ. ಈ ಗಾತ್ರದ ಕಾಂಟ್ಯಾಕ್ಟರ್ ಎಳೆದುಕೊಳ್ಳುವಾಗ ಸುಮಾರು 70 ವಿಎ, ಹಿಡಿದಿರುವಾಗ 8 ವಿಎ ತೆಗೆದುಕೊಳ್ಳುತ್ತದೆ. 415 ವೋಲ್ಟಿನಲ್ಲಿ ಅದು 170 ಮಿಲಿಆಂಪ್ ಮತ್ತು 19 ಮಿಲಿಆಂಪ್. ಎಳೆಯುವ ಆ ಕ್ಷಣದಲ್ಲಿ ಒಳಗೆ ಹುಟ್ಟುವ ಬಿಸಿ ಸುಮಾರು 50 ವ್ಯಾಟ್. ಕಾಯಿಲ್ ಸದಾ ತಾಳಿಕೊಳ್ಳಬಲ್ಲದ್ದು ಎರಡು ಮೂರು ವ್ಯಾಟ್ ಅಷ್ಟೇ. ಕ್ಷಣಾರ್ಧದಲ್ಲಿ ಮುಗಿದರೆ ಏನೂ ಆಗದು. ಆರ್ಮೇಚರ್ ಅರ್ಧದಲ್ಲೇ ನಿಂತರೆ ಕೆಲವೇ ನಿಮಿಷಗಳಲ್ಲಿ ಕಾಯಿಲಿನ ಕತೆ ಮುಗಿಯಿತು.

ಅರ್ಧದಲ್ಲಿ ನಿಲ್ಲಲು ಕಾರಣ ಹಲವು: ಕೋರಿನ ಮುಖದ ಮೇಲೆ ಧೂಳು, ತುಕ್ಕು, ಒಳಗೆ ಸಿಕ್ಕಿಹಾಕಿಕೊಂಡ ಹಲ್ಲಿ ಅಥವಾ ಇರುವೆ ಗೂಡು. ಆದರೆ ಹೊಲದಲ್ಲಿ ಮೊದಲ ಅನುಮಾನ ವೋಲ್ಟೇಜ್ ಮೇಲೆಯೇ. ಕಾಂಟ್ಯಾಕ್ಟರ್ ಖಚಿತವಾಗಿ ಎಳೆದುಕೊಳ್ಳುವ ಭರವಸೆ ಇರುವುದು ತನ್ನ ವೋಲ್ಟೇಜಿನ ಶೇ. 85ರಿಂದ, ಅಂದರೆ 415ರ ಕಾಯಿಲಿಗೆ 353 ವೋಲ್ಟಿನಿಂದ ಮೇಲೆ. ಮೋಟಾರ್ ನಿಂತಿರುವಾಗ ಮೀಟರ್ 400 ತೋರಿಸುತ್ತದೆ, ಎಲ್ಲ ಸರಿಯಿದೆ ಅನಿಸುತ್ತದೆ. ಸ್ಟಾರ್ಟ್ ಒತ್ತಿ: ಕಾಂಟ್ಯಾಕ್ಟರ್ ಎಳೆಯಿತು, ಮೋಟಾರ್ ಸ್ಟಾರ್ಟಿಂಗ್ ಕರೆಂಟ್ ತೆಗೆದುಕೊಂಡಿತು, ಉದ್ದನೆಯ ಲೈನಿನಲ್ಲಿ ವೋಲ್ಟೇಜ್ 280ಕ್ಕೆ ಕುಸಿಯಿತು, ಕಾಂಟ್ಯಾಕ್ಟರ್ ಬಿಟ್ಟಿತು. ಲೋಡ್ ಹೋಯಿತು, ವೋಲ್ಟೇಜ್ ಮತ್ತೆ 400. ಹಸಿರು ಬಟನ್ ಒತ್ತಿ ಹಿಡಿದಿದ್ದರೆ ಅಥವಾ ಆಟೋ ಸ್ಟಾರ್ಟರ್ ಇದ್ದರೆ ಮತ್ತೆ ಎಳೆತ. ಕಟಕಟಕಟ ಎಂಬ ಆ ಸದ್ದಿನ ಪ್ರತಿ ಹೊಡೆತಕ್ಕೂ ಕಾಯಿಲಿಗೆ ಪೂರ್ತಿ 170 ಮಿಲಿಆಂಪ್. ಇಂಥ ಕಡೆ ಎಷ್ಟು ಸ್ನಬ್ಬರ್ ಹಾಕಿದರೂ ಹೊಸ ಕಾಯಿಲ್ ಉಳಿಯುವುದಿಲ್ಲ.

ಪರೀಕ್ಷೆ ಸುಲಭ. ಮೋಟಾರ್ ಸ್ಟಾರ್ಟ್ ಆಗುವ ಕ್ಷಣದಲ್ಲೇ ಕಾಯಿಲ್ ಟರ್ಮಿನಲ್‌ಗಳ ನಡುವಿನ ವೋಲ್ಟೇಜ್ ನೋಡಿ. ಮೀಟರಿನಲ್ಲಿ ಕನಿಷ್ಠ ಮೌಲ್ಯ ಹಿಡಿದಿಡುವ ಸೌಲಭ್ಯ ಇದ್ದರೆ ಒಳ್ಳೆಯದು. ಕಾಯಿಲಿನ ಕರೆಂಟ್ ಕ್ಲಾಂಪ್ ಮೀಟರಿಗೆ ತೀರಾ ಕಡಿಮೆ. ಸಪ್ಲೈ ತೆಗೆದು, ಕಾಯಿಲಿನ ಒಂದು ತಂತಿಯನ್ನು ಕ್ಲಾಂಪಿನೊಳಗೆ ಹತ್ತು ಸುತ್ತು ಹಾಕಿ, ಆಮೇಲೆ ಆನ್ ಮಾಡಿ. ಸರಿಯಾಗಿ ಹಿಡಿದಿದ್ದರೆ ಸುಮಾರು 0.19 ಆಂಪ್ ಕಾಣಬೇಕು. ಅದು ಒಂದು ಆಂಪಿನ ಮೇಲೆ ನಿಂತಿದ್ದರೆ ಆರ್ಮೇಚರ್ ಪೂರ್ತಿ ಕೂತಿಲ್ಲ ಎಂದೇ ಅರ್ಥ. ತೆಗೆದ ಕಾಯಿಲೂ ಸಾಕ್ಷಿ ಹೇಳುತ್ತದೆ. ಇಡೀ ಕಾಯಿಲ್ ಒಂದೇ ಸಮ ಕಂದಾಗಿ ಬಾಬಿನ್ ಕರಗಿದ್ದರೆ ಹೆಚ್ಚು ಹೊತ್ತು ಹೆಚ್ಚು ಕರೆಂಟ್ ಹರಿದಿದೆ. ಒಂದೇ ಜಾಗದಲ್ಲಿ ಕಪ್ಪು ಮಚ್ಚೆ ಇದ್ದರೆ ಸುತ್ತುಗಳ ನಡುವೆ ಶಾರ್ಟ್ ಆಗಿರಬಹುದು. ಸ್ಪೈಕ್ ಬಹಳ ಕಾಲ ಇನ್ಸುಲೇಶನ್ ಕೆಡಿಸಿ ಹೀಗೆ ಮಾಡುವುದುಂಟು. ಸ್ಪೈಕನ್ನು ಅನುಮಾನಿಸಬೇಕಾದ ಜಾಗ ಅದು.

ಎಸಿಯಲ್ಲಿ ಸ್ನಬ್ಬರ್ ಎಲ್ಲಿ ಹಾಕಬೇಕು

ಎಸಿ ಕಾಯಿಲಿಗೆ ಡಯೋಡ್ ಹಾಕುವಂತಿಲ್ಲ, ಪ್ರತಿ ಎರಡನೆಯ ಅರ್ಧ ಸೈಕಲ್ಲಿಗೆ ಶಾರ್ಟ್ ಆಗುತ್ತದೆ. ಅಲ್ಲಿ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮತ್ತು 100 ಓಮ್ ರೆಸಿಸ್ಟರ್ ಸಾಲಾಗಿ ಜೋಡಿಸಿದ ಸ್ನಬ್ಬರ್ ಬೇಕು. ಅದು ಕಾಪಾಡುವುದು ಟೈಮರ್, ಮೊಬೈಲ್ ಸ್ಟಾರ್ಟರ್ ಇವುಗಳ ಒಳಗಿನ ಪುಟ್ಟ ರಿಲೇ ಕಾಂಟ್ಯಾಕ್ಟನ್ನು, ಜೊತೆಗೆ ಬೋರ್ಡ್ ಹ್ಯಾಂಗ್ ಆಗುವುದನ್ನೂ ತಪ್ಪಿಸುತ್ತದೆ. 415 ವೋಲ್ಟ್ ಕಾಯಿಲಿಗೆ 275 ವೋಲ್ಟ್ ಎಂದು ಬರೆದಿರುವ ಕೆಪಾಸಿಟರ್ ಸಲ್ಲದು.

ಸ್ನಬ್ಬರನ್ನು ಕಾಯಿಲಿಗೆ ಅಡ್ಡಲಾಗಿ ಹಾಕಿ, ಕಾಂಟ್ಯಾಕ್ಟಿಗೆ ಅಡ್ಡಲಾಗಿ ಅಲ್ಲ. ಕಾಂಟ್ಯಾಕ್ಟ್ ತೆರೆದಿದ್ದರೂ ಆ ಕೆಪಾಸಿಟರ್ ಮೂಲಕ ಕರೆಂಟ್ ಸೋರುತ್ತಿರುತ್ತದೆ. 415 ವೋಲ್ಟಿನಲ್ಲಿ ಕೆಪಾಸಿಟರ್ ಒಂದೇ ಇದ್ದರೆ ಅದು 13 ಮಿಲಿಆಂಪ್. ಸಾಲಿನಲ್ಲಿ ಕಾಯಿಲಿನ ಇಂಡಕ್ಟನ್ಸ್ ಇರುವಾಗ ಎರಡೂ ಒಂದನ್ನೊಂದು ಸ್ವಲ್ಪ ರದ್ದು ಮಾಡುವುದರಿಂದ ಇನ್ನೂ ಹೆಚ್ಚಾಗಬಹುದು. ಈ ಕಾಂಟ್ಯಾಕ್ಟರ್ ಹಿಡಿದಿರಲು ಬೇಕಾಗಿರುವುದೇ 19 ಮಿಲಿಆಂಪ್. ಆಫ್ ಒತ್ತಿದ ಮೇಲೂ ಸ್ಟಾರ್ಟರ್ ಗುಂಯ್‌ಗುಡುತ್ತಾ ಮೋಟಾರ್ ಬಿಡದಿದ್ದರೆ ಯಾರೋ ಹೀಗೆ ಹಾಕಿದ ಸ್ನಬ್ಬರ್ ಇದೆಯೇ ಎಂದು ಮೊದಲು ನೋಡಿ.